ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮೈ ಜುಮ್ಮೆನ್ನುವುದೇಕೆ?

ಪ್ರಶ್ನೆ: ವಿಜಯಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿದ್ದೇನೆ. ನನ್ನದು ಲೋಹದ ಮೈಯ ಲ್ಯಾಪ್‌ಟಾಪ್, ಎರಡು ಪಿನ್ನಿನ ಚಾರ್ಜರ್. ಚಾರ್ಜಿಗೆ ಹಾಕಿ ಬರಿಗಾಲಲ್ಲಿ ಕುಳಿತರೆ ಮಣಿಕಟ್ಟು ಜುಮುಜುಮು ಎನ್ನುತ್ತದೆ, ಪ್ಲಗ್ ಕಿತ್ತರೆ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತದೆ. ಇದು ಅಪಾಯವೇ?

ನಿಮಗೆ ಆಗುತ್ತಿರುವುದು ಭ್ರಮೆಯಲ್ಲ. ಅಲ್ಲಿ ನಿಜವಾಗಿಯೂ ಕರೆಂಟ್ ಹರಿಯುತ್ತಿದೆ, ಆದರೆ ಅತಿ ಸಣ್ಣ ಪ್ರಮಾಣದಲ್ಲಿ. ಚಾರ್ಜರಿನೊಳಗೆ 230 ವೋಲ್ಟಿನ ಭಾಗಕ್ಕೂ ಲ್ಯಾಪ್‌ಟಾಪಿಗೆ ಹೋಗುವ ಭಾಗಕ್ಕೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಚಾರ್ಜರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವಾಗ ಏಳುವ ವಿದ್ಯುತ್ ಗದ್ದಲ ಹೊರಗೆ ಹರಡದಂತೆ ಅದು ತಡೆಯುತ್ತದೆ. ಇದನ್ನು ವೈ ಕೆಪಾಸಿಟರ್ ಎನ್ನುತ್ತಾರೆ. ಕೆಟ್ಟರೂ ದಾರಿ ಕಡಿದುಕೊಳ್ಳುವಂತೆ, ಒಳಗೆ ಕೂಡಿಕೊಳ್ಳದಂತೆ ಅದನ್ನು ಮಾಡಿರುತ್ತಾರೆ. ಅದರ ಮೂಲಕ ಒಂದಿಷ್ಟು ಕರೆಂಟ್ ಸದಾ ಜಿನುಗುತ್ತದೆ. ಎರಡು ಪಿನ್ನಿನ ಚಾರ್ಜರಿನಲ್ಲಿ ಅದಕ್ಕೆ ನೆಲ ಸೇರುವ ತಂತಿಯಿಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಮೈ, ನಿಮ್ಮ ಕೈ, ನಿಮ್ಮ ಬರಿಗಾಲು, ಇದೇ ಅದರ ದಾರಿ.

ಎಷ್ಟು ಜಿನುಗುತ್ತದೆ? ಸಾಮಾನ್ಯವಾಗಿ ಬಳಸುವ 2200 ಪಿಕೋಫ್ಯಾರಡ್ ಕೆಪಾಸಿಟರಿನ ಮೇಲೆ ಪೂರ್ತಿ 230 ವೋಲ್ಟ್ ಬಿದ್ದರೂ ಹರಿಯುವುದು ಸುಮಾರು 0.16 ಮಿಲಿಆಂಪಿಯರ್. ಇಂಥ ಚಾರ್ಜರಿಗೆ ಸುರಕ್ಷತಾ ಮಾನದಂಡ ಒಪ್ಪುವ ಮಿತಿ 0.25. ಮನೆಯಲ್ಲಿ ಸೋರಿಕೆ ಹಿಡಿಯುವ ಸುರಕ್ಷತಾ ಸ್ವಿಚ್ ಬೀಳುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿಗೆ, ಹಾಗಾಗಿ ಅದು ಇದಕ್ಕೆ ಮಿಸುಕುವುದೂ ಇಲ್ಲ. ಮೀಟರ್ ಹಿಡಿದರೆ ಲ್ಯಾಪ್‌ಟಾಪಿನ ಮೈ ನೂರು ವೋಲ್ಟ್ ತೋರಿಸಬಹುದು. ಗಾಬರಿಯಾಗಬೇಡಿ, ಕೈ ತಾಗಿದೊಡನೆ ಅದು ಕುಸಿಯುತ್ತದೆ. ಬೆರಳನ್ನು ಹಗುರವಾಗಿ ಸವರಿದರೆ ಲೋಹ ಒರಟು ಒರಟಾಗಿ ಕಂಡು, ಗಟ್ಟಿಯಾಗಿ ಒತ್ತಿದರೆ ಆ ಅನುಭವ ಮಾಯವಾಗುತ್ತದೆಯೇ? ಅದು ಈ ಸೋರಿಕೆಯದೇ ಲಕ್ಷಣ. ಕೈ ಜಗ್ಗಿದಂತಾದರೆ, ಸ್ನಾಯು ಸೆಟೆದುಕೊಂಡರೆ ಅದು ಬೇರೆ ಕಾಯಿಲೆ. ಅಂಥ ಚಾರ್ಜರನ್ನು, ಅದರಲ್ಲೂ ಅಗ್ಗದ ನಕಲಿಯಾಗಿದ್ದರೆ, ಮತ್ತೆ ಮುಟ್ಟಬೇಡಿ. ಪ್ಲಗ್ ಕೀಳುವ ಮೊದಲು ಸ್ವಿಚ್ ಆರಿಸಿ. ನಕಲಿಯಲ್ಲಿ ವೈ ಕೆಪಾಸಿಟರಿನ ಜಾಗದಲ್ಲಿ ಸಾಮಾನ್ಯ ಕೆಪಾಸಿಟರ್ ಕೂರಿಸಿರಬಹುದು. ಅದು ಕೂಡಿಕೊಂಡರೆ 230 ವೋಲ್ಟೂ ಲ್ಯಾಪ್‌ಟಾಪಿನ ಮೈಗೆ ಬರುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಇನ್ನೊಂದು ಸಂದರ್ಭ: ಮೂರು ಪಿನ್ನಿನ ಚಾರ್ಜರ್ ಇದ್ದೂ ಜುಮ್ಮೆನ್ನುವುದು. ಬಾಗಲಕೋಟೆಯ ನವನಗರದಲ್ಲಿರುವ ಅಕ್ಕನ ಮನೆಯಲ್ಲಿ ಹೀಗಾಯಿತು. ಸಾಕೆಟ್ಟಿನಲ್ಲಿ ಫೇಸಿನಿಂದ ನ್ಯೂಟ್ರಲ್‌ಗೆ 230 ವೋಲ್ಟ್ ಬಂತು, ಆದರೆ ಫೇಸಿನಿಂದ ಅರ್ಥಿಂಗ್ ತೂತಿಗೆ ಅದರ ಅರ್ಧದಷ್ಟೇ. ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಂಗಿಗೂ ನಡುವೆ ಬಲ್ಬ್ ಹಿಡಿದರು, ಅದು ಮಿಣುಕಲೂ ಇಲ್ಲ. ಬೋರ್ಡ್ ಬಿಚ್ಚಿದಾಗ ಹಸಿರು ತಂತಿ ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೆ ಅಂದವಾಗಿ ಸಾಗಿತ್ತು, ಆದರೆ ಮೀಟರ್ ಬೋರ್ಡಿನ ಬಳಿ ಅದರ ತುದಿ ಎಲ್ಲಿಗೂ ಸೇರದೆ ಸುತ್ತಿಕೊಂಡು ಕುಳಿತಿತ್ತು. ಅಂಗಳದಲ್ಲಿ ಅರ್ಥಿಂಗ್ ಗುಂಡಿಯೇ ಇರಲಿಲ್ಲ.

ಇದು ಅರ್ಥಿಂಗ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಫ್ರಿಜ್, ವಾಷಿಂಗ್ ಮಷಿನ್, ಲ್ಯಾಪ್‌ಟಾಪ್ ಎಲ್ಲದರ ಮೈಯೂ ಆ ಹಸಿರು ತಂತಿಯಲ್ಲಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಅವುಗಳ ಸೋರಿಕೆ ಒಟ್ಟುಗೂಡುತ್ತದೆ. ನಾಳೆ ಫ್ರಿಜ್ಜಿನೊಳಗೆ ಫೇಸ್ ತಂತಿ ಮೈಗೆ ತಾಗಿದರೆ ಲ್ಯಾಪ್‌ಟಾಪಿನ ಮೈಗೂ ಪೂರ್ತಿ ಫೇಸ್ ಬರುತ್ತದೆ, ಆಗ ಮಿತಿ ಹಾಕಲು ಯಾವ ಕೆಪಾಸಿಟರೂ ಅಡ್ಡ ಇರುವುದಿಲ್ಲ. ಅಕ್ಕನ ಮನೆಯಲ್ಲಿ ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಹಸಿರು ತಂತಿಯನ್ನು ಅದಕ್ಕೆ ಕೂಡಿಸಿದರು. ಆಮೇಲೆ ಬಲ್ಬ್ ಪ್ರಕಾಶಮಾನವಾಗಿ ಉರಿಯಿತು, ಜುಮ್ಮೆನ್ನುವುದೂ ನಿಂತಿತು. ನಿಮ್ಮ ಕಡೆ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಗುಂಡಿಗೆ ಆಗಾಗ ನೀರು ಹಾಕದಿದ್ದರೆ ಇದ್ದ ಅರ್ಥಿಂಗೂ ದುರ್ಬಲವಾಗುತ್ತದೆ. ಬಲ್ಬಿನ ಪರೀಕ್ಷೆಯನ್ನು ಮಾತ್ರ ಬಲ್ಲವರೇ ಮಾಡಲಿ. ನ್ಯೂಟ್ರಲ್ಲನ್ನೇ ಅರ್ಥಿಂಗ್ ತೂತಿಗೆ ಕೂಡಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಮನೆಯ ಎಲ್ಲ ಲೋಹಕ್ಕೂ ಫೇಸ್ ಹತ್ತುತ್ತದೆ.

ನಿಮ್ಮ ಚಾರ್ಜರಿನ ಇಟ್ಟಿಗೆಯಂಥ ಭಾಗಕ್ಕೆ ತಂತಿ ಸಿಕ್ಕಿಸುವ ಬಾಯಿ ನೋಡಿ. ಅಲ್ಲಿ ಮೂರು ಕಡ್ಡಿಗಳಿದ್ದರೆ ಮೂರು ಪಿನ್ನಿನ ತಂತಿ ತಂದು, ಅರ್ಥಿಂಗ್ ಇರುವ ಸಾಕೆಟ್ಟಿಗೆ ಹಾಕಿದರೆ ಸಾಕು. ಎರಡೇ ಇದ್ದರೆ ಕೋಣೆಗೆ ಒಳ್ಳೆಯ ಅರ್ಥಿಂಗ್ ಬಂದರೂ ಈ ಜುಮು ಹೋಗುವುದಿಲ್ಲ, ಏಕೆಂದರೆ ಅದಕ್ಕೆ ದಾರಿಯೇ ಇಲ್ಲ. ಚಾರ್ಜಾಗುವಾಗ ಕಾಲಿಗೆ ಚಪ್ಪಲಿ ಇರಲಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಲ್ಯಾಪ್‌ಟಾಪನ್ನು ಟಿವಿಗೋ ಪ್ರೊಜೆಕ್ಟರಿಗೋ ಜೋಡಿಸುವಾಗ ಮೊದಲು ಆ ಕೇಬಲ್ ಹಾಕಿ, ಆಮೇಲೆ ಚಾರ್ಜರ್ ಹಾಕಿ. ಇಲ್ಲವಾದರೆ ಅದೇ ನೂರು ವೋಲ್ಟು ಕೇಬಲ್ ತಾಗುವ ಕ್ಷಣದಲ್ಲಿ ಪೋರ್ಟಿನ ಮೂಲಕ ಇಳಿಯುತ್ತದೆ.