ಐದು ದಿನದ ಬ್ಯಾಂಕಾಕ್ ಪ್ರವಾಸಕ್ಕೆ ಯಾವ ಸಿಮ್? ಓಟಿಪಿ ಗತಿಯೇನು?

ಪ್ರಶ್ನೆ: ಮುಂದಿನ ತಿಂಗಳು ನಾನೂ ನನ್ನ ಪತ್ನಿಯೂ ಐದು ದಿನ ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ. ರೋಮಿಂಗ್ ಪ್ಯಾಕ್ ಹಾಕಿಸಬೇಕೇ, ಅಲ್ಲಿ ಇಳಿದ ಮೇಲೆ ಸಿಮ್ ಕೊಳ್ಳಬೇಕೇ ಅಥವಾ ಇ-ಸಿಮ್ ಸಾಕೇ? ಬೇರೆ ಸಿಮ್ ಹಾಕಿದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ, ವಾಟ್ಸಾಪ್ ಕೂಡ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ರಜೆ ಹತ್ತಿರವಾಗುತ್ತಿದ್ದಂತೆ ಈ ಪ್ರಶ್ನೆ ಊರಿನ ಹೆಸರನ್ನು ಮಾತ್ರ ಬದಲಿಸಿಕೊಂಡು ಬರುತ್ತದೆ. ಪ್ರಶ್ನೆಯ ಮೊದಲ ಭಾಗಕ್ಕೆ ಎರಡು ಸಾಲಿನ ಉತ್ತರ ಸಾಕು. ಇ-ಸಿಮ್ ಎಂದರೆ ಕಾರ್ಡಿಲ್ಲದೆ ನೇರವಾಗಿ ಫೋನಿಗೆ ಇಳಿಸಿಕೊಳ್ಳುವ ಸಿಮ್; ನಿಮ್ಮ ಫೋನ್ ಅದನ್ನು ಒಪ್ಪುವುದಾದರೆ ಇಂಟರ್ನೆಟ್‌ಗೆ ಇ-ಸಿಮ್ ಕೊಳ್ಳಿ, ಊರಿನ ಸಿಮ್ಮನ್ನು ಫೋನಿನಲ್ಲೇ ಇರಗೊಡಿ. ಎರಡನೆಯ ಭಾಗವೇ ಜನರನ್ನು ಕಾಡುವುದು. ಆ ಭಯದಿಂದಲೇ ಎಷ್ಟೋ ಮಂದಿ ಬೇಕಿಲ್ಲದ ದುಬಾರಿ ಪ್ಯಾಕ್ ಹಾಕಿಸಿಕೊಂಡು ವಿಮಾನ ಹತ್ತುತ್ತಾರೆ.

ಆದ್ದರಿಂದ ಓಟಿಪಿಯಿಂದಲೇ ಆರಂಭಿಸುತ್ತೇನೆ. ಎಸ್ಎಂಎಸ್ ಬರಲು ಇಂಟರ್ನೆಟ್ ಬೇಕಿಲ್ಲ. ನೀವು ಬ್ಯಾಂಕಾಕ್‌ನಲ್ಲಿ ಇಳಿದು ಫೋನ್ ಚಾಲೂ ಮಾಡಿದಾಗ ನಿಮ್ಮ ಭಾರತದ ಸಿಮ್ ಅಲ್ಲಿನ ಯಾವುದಾದರೊಂದು ಜಾಲದಲ್ಲಿ ನೋಂದಣಿಯಾಗುತ್ತದೆ. ಆ ಜಾಲ ನಿಮ್ಮ ಮೊಬೈಲ್ ಕಂಪನಿಗೆ, ‘ಈ ಸಂಖ್ಯೆ ಈಗ ನಮ್ಮ ಬಳಿ ಇದೆ’ ಎಂದು ತಿಳಿಸುತ್ತದೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟ ಹಾಗೆ. ಬ್ಯಾಂಕ್ ಕಳಿಸಿದ ಓಟಿಪಿ ಆ ವಿಳಾಸ ಹಿಡಿದು ಬರುತ್ತದೆ. ಅದು ಬರುವ ದಾರಿ ಕರೆ ಮತ್ತು ನೋಂದಣಿಯ ಸಂಕೇತಗಳು ಓಡಾಡುವ ದಾರಿ. ನೀವು ಯೂಟ್ಯೂಬ್ ನೋಡುವ ಡೇಟಾದ ದಾರಿಯೇ ಬೇರೆ. ಆದ್ದರಿಂದ ಭಾರತದ ಸಿಮ್ಮಿನ ಡೇಟಾ ಪೂರ್ತಿ ಬಂದ್ ಮಾಡಿದ್ದರೂ, ಪಕ್ಕದಲ್ಲಿ ಇನ್ನೊಂದು ಸಿಮ್ ಡೇಟಾ ಕೊಡುತ್ತಿದ್ದರೂ ಓಟಿಪಿ ಬರುತ್ತದೆ. ನಮ್ಮ ದೊಡ್ಡ ಕಂಪನಿಗಳು ರೋಮಿಂಗ್‌ನಲ್ಲಿ ಒಳಬರುವ ಎಸ್ಎಂಎಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದೂ ಇಲ್ಲ.

ಹಾಗಾದರೆ ‘ನನಗೆ ಬರಲೇ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ತಪ್ಪು ಕಡೆಗೆ ಬೆರಳು ತೋರಿಸುತ್ತಾರೆ, ಅಷ್ಟೆ. ಬಹುತೇಕರು ಹಳೆಯ ಸಿಮ್ಮನ್ನು ಕಿತ್ತು ಪರ್ಸಿನಲ್ಲಿಟ್ಟಿರುತ್ತಾರೆ. ಪರ್ಸಿಗೆ ಓಟಿಪಿ ಬರುವುದಿಲ್ಲ. ಕೆಲವರು ಖರ್ಚಿಗೆ ಹೆದರಿ ಆ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿರುತ್ತಾರೆ. ಉಳಿದವರು ಹೊರಡುವ ಮುನ್ನ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನೇ ಚಾಲೂ ಮಾಡಿಸಿರುವುದಿಲ್ಲ. ರೋಮಿಂಗ್ ಸೇವೆ ಬೇರೆ, ರೋಮಿಂಗ್ ಪ್ಯಾಕ್ ಬೇರೆ ಎಂಬುದನ್ನು ಎಷ್ಟು ಸಲ ಬರೆದರೂ ಸಾಲದು. ಸೇವೆ ಎಂದರೆ ಹೊರದೇಶದ ಜಾಲದಲ್ಲಿ ನೋಂದಣಿಯಾಗಲು ಅನುಮತಿ. ಪ್ಯಾಕ್ ಎಂದರೆ ಅಲ್ಲಿ ಡೇಟಾ ಬಳಸಲು, ಮಾತನಾಡಲು ಕೊಡುವ ಮುಂಗಡ ಹಣ. ಓಟಿಪಿಗೆ ಬೇಕಾದದ್ದು ಮೊದಲನೆಯದು. ಕೆಲವು ಪ್ರಿಪೇಯ್ಡ್ ಸಂಖ್ಯೆಗಳಿಗೆ ಅದಕ್ಕೂ ಒಂದು ಸಣ್ಣ ರೋಮಿಂಗ್ ರೀಚಾರ್ಜ್ ಬೇಕಾಗುತ್ತದೆ. ಆದ್ದರಿಂದ ಹೊರಡುವ ಎರಡು ದಿನ ಮೊದಲೇ ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಪ್ರವಾಸದ ನಡುವೆ ನಿಮ್ಮ ಮಾಮೂಲಿ ರೀಚಾರ್ಜಿನ ಅವಧಿ ಮುಗಿಯುತ್ತದೆಯೇ ಎಂಬುದನ್ನೂ ಅಲ್ಲೇ ನೋಡಬಹುದು.

ಇನ್ನು ವಾಟ್ಸಾಪ್. ಅದು ನೀವು ಮೊದಲು ನೋಂದಾಯಿಸಿದ ಸಂಖ್ಯೆಗೆ ಅಂಟಿಕೊಂಡಿದೆ. ಊರಿನ ಸಿಮ್ ಫೋನಿನಲ್ಲೇ ಇದ್ದರೆ, ಪಕ್ಕದಲ್ಲಿ ಹೊಸ ಸಿಮ್ ಹಾಕಿದರೂ ನಿಮ್ಮ ಹಳೆಯ ಸಂಖ್ಯೆಯಲ್ಲೇ ನಡೆಯುತ್ತದೆ. ಸಂಖ್ಯೆ ಬದಲಿಸಬೇಕೇ ಎಂದು ಫೋನ್ ಎಲ್ಲಾದರೂ ಕೇಳಿದರೆ ಬೇಡ ಎನ್ನಿ. ಆ್ಯಪನ್ನು ಅಳಿಸಿ ಮತ್ತೆ ಹಾಕುವ ಸಾಹಸವನ್ನು ಮಾತ್ರ ಅಲ್ಲಿ ಮಾಡಬೇಡಿ. ಯುಪಿಐ ಆ್ಯಪ್‌ಗಳಿಗೂ ಇದೇ ಮಾತು. ಅವುಗಳನ್ನು ಹೊಸದಾಗಿ ಜೋಡಿಸುವಾಗ ನಿಮ್ಮ ಫೋನಿನಿಂದಲೇ ಒಂದು ಎಸ್ಎಂಎಸ್ ಹೊರಗೆ ಹೋಗಬೇಕು. ಒಳಬರುವ ಸಂದೇಶ ಪುಕ್ಕಟೆಯಾದರೂ ಹೊರಹೋಗುವುದಕ್ಕೆ ಹಣ ಬೀಳುತ್ತದೆ.

ಈಗ ನಿಮ್ಮ ಐದು ದಿನಗಳಿಗೆ ಬರೋಣ. ಮೊದಲು ಇಬ್ಬರ ಫೋನಿನಲ್ಲೂ *#06# ಒತ್ತಿ. ಬರುವ ಪಟ್ಟಿಯಲ್ಲಿ EID ಎಂಬ ಸಾಲಿದ್ದರೆ ಇ-ಸಿಮ್ ಆಗುತ್ತದೆ. ಒಬ್ಬರದ್ದು ಆಗುತ್ತದೆ, ಇನ್ನೊಬ್ಬರದ್ದು ಆಗುವುದಿಲ್ಲ ಎಂದಿಟ್ಟುಕೊಳ್ಳಿ. ಆಗುವ ಫೋನಿಗೆ ಹಾಟ್‌ಸ್ಪಾಟ್ ಹಂಚಲು ಅವಕಾಶವಿರುವ ಇ-ಸಿಮ್ ಕೊಳ್ಳಿ. ಇಬ್ಬರೂ ಜೊತೆಗೇ ಓಡಾಡುವುದಾದರೆ ಅದೊಂದೇ ಸಾಕು. ದಾರಿ ನೋಡಲು, ಕ್ಯಾಬ್ ಕರೆಯಲು, ಫೋಟೊ ಕಳಿಸಲು ಡೇಟಾ ಹೆಚ್ಚು ಬೇಕಿಲ್ಲ. ಅದನ್ನು ನುಂಗುವುದು ರೀಲ್ಸ್ ಮತ್ತು ವಿಡಿಯೊ ಕರೆ. ಅವೆರಡನ್ನೂ ಹೋಟೆಲಿನ ವೈಫೈಗೆ ಬಿಟ್ಟರೆ ಐದು ದಿನಕ್ಕೆ ಐದು ಜಿಬಿ ಧಾರಾಳ.

ಇ-ಸಿಮ್ಮನ್ನು ಮನೆಯ ವೈಫೈನಲ್ಲೇ ಫೋನಿಗೆ ಇಳಿಸಿಕೊಳ್ಳಿ, ಏಕೆಂದರೆ ಇಳಿಸಲು ಇಂಟರ್ನೆಟ್ ಬೇಕು. ಅದರ ಅವಧಿ ಇಳಿಸಿದ ಕ್ಷಣದಿಂದ ಎಣಿಕೆಯಾಗುತ್ತದೆಯೋ ಅಲ್ಲಿನ ಜಾಲ ಸಿಕ್ಕಾಗಿನಿಂದಲೋ ಎಂದು ಕೊಳ್ಳುವ ಮೊದಲೇ ಓದಿ. ಇ-ಸಿಮ್ ಇಳಿಸಲು ಕೊಡುವ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಬಾರಿ ಕೆಲಸ ಮಾಡುತ್ತದೆ. ಸಿಗ್ನಲ್ ಬರಲಿಲ್ಲವೆಂದು ಸಿಟ್ಟಿನಲ್ಲಿ ಇ-ಸಿಮ್ಮನ್ನು ಅಳಿಸಿದಿರೋ, ಹಣವೂ ಹೋಯಿತು. ಸಿಗ್ನಲ್ ಇದ್ದೂ ಇಂಟರ್ನೆಟ್ ಬರದಿದ್ದರೆ ಕಾರಣ ಬಹುಮಟ್ಟಿಗೆ ಒಂದೇ: ಪ್ರವಾಸಿ ಇ-ಸಿಮ್‌ಗಳಲ್ಲಿ ಹೆಚ್ಚಿನವು ಇನ್ನಾವುದೋ ದೇಶದ ಕಂಪನಿಯವು, ಅವೂ ಅಲ್ಲಿ ರೋಮಿಂಗ್‌ನಲ್ಲೇ ಇರುತ್ತವೆ. ಹಾಗಾಗಿ ಇ-ಸಿಮ್‌ನಲ್ಲಿ Data Roaming ಆನ್ ಇರಬೇಕು, ಭಾರತದ ಸಿಮ್‌ನಲ್ಲಿ ಆಫ್ ಇರಬೇಕು. ಐಫೋನ್ ಇದ್ದವರು Allow Cellular Data Switching ಎಂಬುದನ್ನೂ ಆಫ್ ಮಾಡಿ. ಇಲ್ಲವಾದರೆ ಒಂದು ಸಿಮ್ ಸೋತಾಗ ಫೋನ್ ತಾನಾಗಿ ಇನ್ನೊಂದರ ಡೇಟಾಕ್ಕೆ ಕೈ ಹಾಕಬಹುದು. ಭಾರತದ ಸಂಖ್ಯೆಗೆ ಕರೆ ಬಂದರೆ ರಿಂಗ್ ಆಗಲಿ ಬಿಡಿ. ಎತ್ತಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು. ವಾಟ್ಸಾಪ್‌ನಲ್ಲಿ ತಿರುಗಿ ಕರೆ ಮಾಡಬಹುದು.

ಇಬ್ಬರ ಫೋನಿಗೂ ಇ-ಸಿಮ್ ಆಗದಿದ್ದರೆ ಸುವರ್ಣಭೂಮಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಪ್ರವಾಸಿ ಸಿಮ್ ಕೊಳ್ಳಿ. ಅವರೇ ಹಾಕಿಕೊಡುತ್ತಾರೆ. ಅದನ್ನು ಎರಡನೆಯ ಸ್ಲಾಟಿಗೆ ಹಾಕಿಸಿ. ಮೊದಲನೆಯದನ್ನು ಕೀಳಲು ಬಿಡಬೇಡಿ. ಸ್ಥಳೀಯ ಸಿಮ್‌ನಿಂದ ಅಲ್ಲಿನದೇ ಸಂಖ್ಯೆ ಸಿಗುವ ಅನುಕೂಲವೂ ಇದೆ. ಪ್ರವಾಸಿ ಇ-ಸಿಮ್‌ಗಳಲ್ಲಿ ಸಾಮಾನ್ಯವಾಗಿ ಡೇಟಾ ಮಾತ್ರ, ಸಂಖ್ಯೆ ಇರುವುದಿಲ್ಲ. ರೋಮಿಂಗ್ ಪ್ಯಾಕ್ ಒಂದೆರಡು ದಿನದ ಕೆಲಸಕ್ಕೆ ಹೋಗುವವರಿಗೆ, ತಮ್ಮದೇ ಸಂಖ್ಯೆಯಲ್ಲಿ ಕರೆ ಎತ್ತಲೇಬೇಕಾದವರಿಗೆ, ಸೆಟ್ಟಿಂಗ್ಸ್ ಮುಟ್ಟಲು ಒಲ್ಲದ ಹಿರಿಯರಿಗೆ ಸರಿ. ನಿಮ್ಮ ತಂದೆತಾಯಿ ಮಾತ್ರ ಹೋಗುತ್ತಿದ್ದರೆ ನಾನೂ ಪ್ಯಾಕನ್ನೇ ಹೇಳುತ್ತಿದ್ದೆ.

ನೀವು ಕೇಳದ ಒಂದು ಸಂಗತಿ. ಬ್ಯಾಂಕಾಕ್‌ನಲ್ಲಿ ಕುಳಿತು ಇ-ಸಿಮ್‌ನಲ್ಲಿ ಗೂಗಲ್ ತೆರೆದರೆ ಅದು ನಿಮ್ಮನ್ನು ಹಾಂಗ್‌ಕಾಂಗ್‌ನಲ್ಲೋ ಸಿಂಗಪುರದಲ್ಲೋ ಇದ್ದೀರಿ ಎಂದುಕೊಳ್ಳಬಹುದು. ಗಾಬರಿ ಬೇಡ. ರೋಮಿಂಗ್ ಡೇಟಾ ಮೊದಲು ಸಿಮ್ಮಿನ ತವರಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್‌ಗೆ ಇಳಿಯುವುದೇ ಸಾಮಾನ್ಯ ವ್ಯವಸ್ಥೆ. ಚೀನಾಕ್ಕೆ ಹೋಗುವವರಿಗೆ ಇದು ಬಹಳ ಉಪಯೋಗದ ವಿಷಯ. ಅಲ್ಲಿನ ಸ್ಥಳೀಯ ಸಿಮ್‌ನಲ್ಲಿ ವಾಟ್ಸಾಪ್, ಗೂಗಲ್ ಎರಡೂ ತೆರೆಯುವುದಿಲ್ಲ. ಭಾರತದ ರೋಮಿಂಗ್ ಪ್ಯಾಕ್‌ನಲ್ಲಿ, ಚೀನಾದ ಹೊರಗಿನ ಕಂಪನಿಯ ಇ-ಸಿಮ್‌ನಲ್ಲಿ ಸಾಮಾನ್ಯವಾಗಿ ತೆರೆಯುತ್ತವೆ, ಏಕೆಂದರೆ ಡೇಟಾ ಹೊರಬೀಳುವ ಬಾಗಿಲು ಚೀನಾದಲ್ಲಿಲ್ಲ. ಹೋಟೆಲಿನ ವೈಫೈಗೆ ಜೋಡಿಸಿದರೆ ಮತ್ತೆ ಬಂದ್. ಆದ್ದರಿಂದ ಶಾಂಘೈಗೆ ಹೋಗುವವರು ವೈಫೈ ಲೆಕ್ಕಕ್ಕೆ ಹಿಡಿಯದೆ ಡೇಟಾ ತುಸು ಹೆಚ್ಚೇ ಕೊಳ್ಳಬೇಕು.