ಮೇಲೆ ಒಣಗಿದ್ದ ಮ್ಯಾಟ್

ಹೋದ ಆಷಾಢದಲ್ಲಿ ದಾವಣಗೆರೆ ವಿದ್ಯಾನಗರದ ಒಂದು ಮನೆಯಿಂದ ನಮ್ಮ ಕ್ಲೀನಿಂಗ್ ಅಂಗಡಿಗೆ ತೆಂಗಿನ ನಾರಿನ ಮ್ಯಾಟ್ ಬಂತು. "ಎರಡು ಸಲ ತೊಳೆದೆ ಅಣ್ಣ, ಸೋಪಿನ ಪುಡೀನೂ ಜಾಸ್ತಿನೇ ಹಾಕ್ದೆ. ಆದ್ರೂ ಮುಗ್ಗಲು ವಾಸನೆ ಹೋಗ್ತಿಲ್ಲ" ಅಂದರು ಆ ಅಕ್ಕ. ಮೇಲೆ ಮುಟ್ಟಿದರೆ ಗರಿಗರಿ ಒಣಗಿತ್ತು. ತಿರುಗಿಸಿ ನೋಡಿದೆ, ಅಡಿಯಲ್ಲಿ ರಬ್ಬರ್ ಪದರ.

ತೆಂಗಿನ ನಾರು ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ವಾಸನೆ ಬರುವುದು ನಾರಿನ ಬುಡದಲ್ಲಿ ಕೂತ ಮಣ್ಣು, ಸೋಪು ಮತ್ತು ಹಸಿಯಿಂದ. ರಬ್ಬರ್ ಇರುವುದರಿಂದ ನೀರು ಕೆಳಗೆ ಇಳಿಯುವಂತಿಲ್ಲ. ಮೇಲೆ ಬರಬೇಕೆಂದರೆ ನಾರು ದಟ್ಟ. ಹಾಗಾಗಿ ತುದಿ ಒಣಗುತ್ತದೆ, ಬುಡ ಒಣಗುವುದಿಲ್ಲ.

ಕೈಯಿಂದ ಮುಟ್ಟಿ ನೋಡುವುದನ್ನು ನಾನು ನಂಬುವುದಿಲ್ಲ, ತೂಕ ಹಾಕುತ್ತೇನೆ. ಬಂದಾಗ ಆ ಮ್ಯಾಟ್ 1 ಕೆಜಿ 850 ಗ್ರಾಂ ಇತ್ತು. ಗಾಳಿಗಿಟ್ಟ ಮಾರನೇ ದಿನ 1 ಕೆಜಿ 700. ಮೂರನೇ ದಿನ 1 ಕೆಜಿ 620, ನಾಲ್ಕನೇ ದಿನವೂ ಅಷ್ಟೇ. ತೂಕ ಇಳಿಯುವುದು ನಿಂತಾಗಲೇ ಒಣಗಿದ್ದು. ಅಂದರೆ 'ಒಣಗಿದೆ' ಅಂತ ತಂದ ಮ್ಯಾಟಿನಲ್ಲಿ ಎರಡು ಟೀ ಲೋಟದಷ್ಟು ನೀರಿತ್ತು!

ಆಮೇಲೆ ತೊಳೆದೆ. ಮೊದಲು ತಲೆಕೆಳಗು ಮಾಡಿ ಕೋಲಿನಿಂದ ಬಡಿದು ಮಣ್ಣು ಉದುರಿಸಬೇಕು, ಇಲ್ಲದಿದ್ದರೆ ಅದು ಕೆಸರಾಗುತ್ತದೆ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಸೋಪಿನ ದ್ರವ ಸಾಕು. ನೆನೆಹಾಕಬೇಡಿ. ಬ್ರಷ್ಷಿನಿಂದ ಉಜ್ಜಿ, ಓರೆಯಾಗಿ ನಿಲ್ಲಿಸಿ, ನೊರೆ ಪೂರ್ತಿ ಹೋಗುವವರೆಗೆ ಪೈಪಿನಿಂದ ನೀರು ಬಿಡಿ. ಉಳಿದ ಸೋಪು ಮತ್ತೆ ಕೊಳೆ ಹಿಡಿಯುತ್ತದೆ.

ಒಣಗಿಸುವಾಗ ಕಾಂಪೌಂಡ್ ಮೇಲೆ ಮಡಚಿ ಹಾಕುವುದು ಎಲ್ಲರ ಅಭ್ಯಾಸ. ಮಡಿಕೆಯಲ್ಲಿ ನೀರು ನಿಲ್ಲುತ್ತದೆ, ರಬ್ಬರ್ ಬಿರಿಯುತ್ತದೆ. ನಾಲ್ಕು ಇಟ್ಟಿಗೆ ಇಟ್ಟು, ನಾರು ಕೆಳಗೆ ಮಾಡಿ ಮಲಗಿಸಿ, ನೀರು ತಾನೇ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಂತ ಮೇಲೆ ಗಾಳಿಗೆ ನೆಟ್ಟಗೆ ನಿಲ್ಲಿಸಿ. ಜಿನುಗು ಮಳೆಯಿಂದ ತಪ್ಪಿಸಿದರೆ ನಮ್ಮ ಕಡೆಯ ಆಷಾಢದ ಗಾಳಿ ಚೆನ್ನಾಗಿಯೇ ಒಣಗಿಸುತ್ತದೆ. ಸುಡು ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ರಬ್ಬರ್ ಪೆಡಸಾಗುತ್ತದೆ.

ಸೆಣಬಿನ ಮ್ಯಾಟ್ ಬೇರೆ ಜಾತಿ. ಅದು ನೀರು ಹೀರುತ್ತದೆ, ನೆನೆದರೆ ಬಲ ಕಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಒಣಗುವ ಹಾಗಿದ್ದರೆ ಮಾತ್ರ. ಪೂರ್ತಿ ರಬ್ಬರ್ ಮ್ಯಾಟ್ ಸುಲಭ, ಅಡಿಯ ಗೀರುಗಳಲ್ಲಿ ಕೂತ ಕೆಸರು ತೆಗೆದರೆ ಮುಗಿಯಿತು.

ಮ್ಯಾಟ್ ವಾಪಸ್ ಕೊಡುವಾಗ ಆ ಅಕ್ಕನನ್ನು ಕೇಳಿದೆ: "ಬೆಳಿಗ್ಗೆ ಬಾಗಿಲು ತೊಳೆದ ತಕ್ಷಣ ಇದನ್ನ ಹಾಸ್ತೀರಲ್ವಾ?" ನಕ್ಕರು. ಈಗ ನೆಲ ಒಣಗುವವರೆಗೆ ಮ್ಯಾಟ್ ಗೇಟಿಗೆ ಒರಗಿ ನಿಂತಿರುತ್ತದಂತೆ.