ಐದು ಗಂಟೆಯ ಅಲಾರಂ

"ಡಾಕ್ಟ್ರೇ, ಯೋಗ ಮಾಡ್ಲಾ, ಜಾಗಿಂಗ್ ಮಾಡ್ಲಾ?" ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ಎಷ್ಟು ಗಂಟೆಗೆ ನಿದ್ದೆ ಹತ್ತುತ್ತದೆ?

ಹೀಗೆ ಕೇಳಿಕೊಂಡು ಬಂದವರೊಬ್ಬರಿಗೆ 46 ವರ್ಷ, ಲೆಕ್ಕಪತ್ರ ವಿಭಾಗದ ಕೆಲಸ. ಹನ್ನೊಂದಕ್ಕೆ ಮಲಗಿದರೂ ಆಫೀಸಿನದೇ ಯೋಚನೆ, ನಿದ್ದೆ ಹತ್ತುವಾಗ ಹನ್ನೆರಡೂವರೆ. ಬೆಳಿಗ್ಗೆ ಐದಕ್ಕೆ ಅಲಾರಂ ಹೊಡೆದರೆ ಎದ್ದು ಐದು ಕಿಲೋಮೀಟರ್ ಓಟ, ಅದೂ ಏದುಸಿರು ಬರುವಷ್ಟು ಜೋರಾಗಿ. ಮಧ್ಯಾಹ್ನ ತೂಕಡಿಕೆ, ಅದಕ್ಕೆ ಸಂಜೆ ಎರಡು ಕಾಫಿ. ರಾತ್ರಿ ಮತ್ತೆ ಅದೇ ಕಥೆ. ಎರಡು ತಿಂಗಳು ಹೀಗೆ ಓಡಿ, "ಜಾಗಿಂಗ್ ನನಗೆ ಆಗಿಬರಲಿಲ್ಲ" ಎಂದುಕೊಂಡಿದ್ದರು.

ತಪ್ಪು ಓಟದ್ದಲ್ಲ. ನಿದ್ದೆಯನ್ನು ನಾಲ್ಕೂವರೆ ಗಂಟೆಗೇ ಕತ್ತರಿಸುತ್ತಿದ್ದ ಅಲಾರಂನದ್ದು.

ಬೆಳಗಿನ ಓಟ ನಿದ್ದೆಗೆ ನೆರವಾಗುವುದು ಎರಡು ದಾರಿಯಲ್ಲಿ. ದೇಹ ದಣಿದಷ್ಟೂ ರಾತ್ರಿಯ ನಿದ್ದೆಯ ಹಸಿವು ಹೆಚ್ಚುತ್ತದೆ. ಜೊತೆಗೆ ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಮೆದುಳಿನ ಗಡಿಯಾರ ಸ್ವಲ್ಪ ಮುಂಚೆಗೆ ಸರಿದು, ರಾತ್ರಿ ಬೇಗ ಜೊಂಪು ಹತ್ತುತ್ತದೆ. ಇವರು ಓಡುತ್ತಿದ್ದದ್ದು ಕತ್ತಲಲ್ಲಿ, ಹಾಗಾಗಿ ಎರಡನೆಯ ಲಾಭ ತಪ್ಪಿಯೇ ಹೋಗಿತ್ತು. ಇಷ್ಟಾದರೂ, ಹಾಸಿಗೆಯಲ್ಲಿ ಓಡುವ ಮನಸ್ಸನ್ನು ಬೆಳಗಿನ ಓಟವೊಂದೇ ನಿಲ್ಲಿಸುವುದು ಕಷ್ಟ. ಅಲ್ಲಿ ಬೇಕಾದದ್ದು ಯೋಗದ ನಿಧಾನ ಭಾಗ. ಉಸಿರು ಬಿಡುವಾಗ ಹೃದಯದ ಬಡಿತ ತುಸು ಇಳಿಯುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಆ ಇಳಿತವೂ ಉದ್ದವಾಗುತ್ತದೆ, ದೇಹ ನಿದ್ದೆಗೆ ವಾಲುತ್ತದೆ.

ಹಾಗಾಗಿ ಎರಡನ್ನೂ ಹಂಚಿ ಕೊಟ್ಟೆ. ಏಳುವುದು ದಿನವೂ ಆರೂವರೆಗೆ, ರಜೆಯಲ್ಲೂ. ವಾರಕ್ಕೆ ಮೂರೇ ದಿನ, ಬೆಳಕು ಹರಿದ ಮೇಲೆ ಅರ್ಧ ಗಂಟೆ ಓಟ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲಾಗಬೇಕು. ತುಂಡುತುಂಡಾದರೆ ವೇಗ ಇಳಿಸಬೇಕು. ಕಾಫಿ ಮಧ್ಯಾಹ್ನದೊಳಗೇ ಮುಗಿಯಬೇಕು. ಮಲಗುವ ಮುನ್ನ ಐದು ನಿಮಿಷ ಗೋಡೆಗೆ ಕಾಲು ಒರಗಿಸಿ ಮಲಗಿ, ಆಮೇಲೆ ಹತ್ತು ನಿಮಿಷ ಶವಾಸನ: ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರು ಕಟ್ಟುವುದು ಬೇಡ. ಕಪಾಲಭಾತಿ, ವೇಗದ ಸೂರ್ಯನಮಸ್ಕಾರ ರಾತ್ರಿ ಬೇಡವೇ ಬೇಡ, ಅವು ಎಚ್ಚರಿಸುವ ಅಭ್ಯಾಸಗಳು. (ಆ್ಯಪ್ ನೋಡಿಕೊಂಡು ಮಾಡಬಹುದಾ ಎಂದರು. ಫೋನು ಬೇರೆ ಕೋಣೆಯಲ್ಲಿರಲಿ ಎಂದೆ.)

ನಾಲ್ಕು ವಾರಕ್ಕೆ ಹನ್ನೊಂದೂವರೆಗೆ ನಿದ್ದೆ ಹತ್ತತೊಡಗಿತು. ನಡುರಾತ್ರಿ ಒಮ್ಮೆ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಮುಂದಿನ ಸಲ ಪತ್ನಿಯನ್ನೂ ಕರೆತನ್ನಿ ಎಂದೆ. ಜೋರು ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿಬೀಳುವುದು ಇದೆಯಾ ಎಂದು ಅವರನ್ನೇ ಕೇಳಬೇಕು. ಮಲಗಿದವರಿಗೆ ಅದು ಗೊತ್ತಾಗುವುದಿಲ್ಲ. ಇದ್ದರೆ ಓಟ, ಆಸನಗಳನ್ನು ನಂಬಿ ಕೂರದೆ ನಿದ್ದೆಯ ಪರೀಕ್ಷೆಯನ್ನೇ ಮಾಡಿಸಬೇಕಾಗುತ್ತದೆ.